ವಿನ್‌ಸ್ಟನ್ ಚಂಡಮಾರುತದ ದಾರಿ ಮತ್ತು 180 ಡಿಗ್ರಿಯ ಹೊಲಿಗೆ

2016ರ ಫೆಬ್ರವರಿ 20ರಂದು ವಿನ್‌ಸ್ಟನ್ ಚಂಡಮಾರುತ ಫಿಜಿ ದ್ವೀಪಗಳ ಮೇಲೆ ಹಾದುಹೋಯಿತು. ಐದನೇ ವರ್ಗದ, ಅಂದರೆ ಅತಿ ಜೋರಿನ ಚಂಡಮಾರುತ. ವನುವಾ ಬಲಾವು ದ್ವೀಪದಲ್ಲಿ ಗಾಳಿಯ ಒಂದು ಹೊಡೆತ ಗಂಟೆಗೆ 306 ಕಿ.ಮೀ. ಮುಟ್ಟಿದ್ದು ದಾಖಲಾಗಿದೆ. ಫಿಜಿಯಲ್ಲಿ 44 ಜನ ಸತ್ತರು. ಇಲ್ಲಿ ನಮಗೆ ಬೇಕಾದದ್ದು ಅದು ನಡೆದ ದಾರಿ. ವನುವಾಟು ಬಳಿ ಹುಟ್ಟಿ, ಪೂರ್ವಕ್ಕೆ ಟೊಂಗಾದ ತನಕ ಹೋಗಿ, ಅಲ್ಲಿಂದ ತಿರುಗಿ ಪಶ್ಚಿಮಕ್ಕೆ ಫಿಜಿಯ ಕಡೆ ಬಂತು. ಹೋಗುವಾಗ ಒಂದು ಸಲ, ಬರುವಾಗ ಇನ್ನೊಂದು ಸಲ 180 ಡಿಗ್ರಿ ರೇಖಾಂಶವನ್ನು ದಾಟಿತು.

ನಕ್ಷೆ, ದೂರ, ಹುಡುಕಾಟ ಮಾಡುವ ಪ್ರೋಗ್ರಾಂಗಳು ಆ ರೇಖೆಯ ಹತ್ತಿರ ಹೇಗೆ ತಪ್ಪುತ್ತವೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅದರ ದಾರಿಯಲ್ಲಿ ಬರುವ ನಾಲ್ಕು ಜಾಗಗಳನ್ನು ತೆಗೆದುಕೊಳ್ಳೋಣ. ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ಮೊದಲಿನದು ಅಕ್ಷಾಂಶ, ಎರಡನೆಯದು ರೇಖಾಂಶ. ಮೈನಸ್ ಇದ್ದರೆ ಅಕ್ಷಾಂಶ ದಕ್ಷಿಣದ್ದು, ರೇಖಾಂಶ ಪಶ್ಚಿಮದ್ದು.

```
ವವಾವು (ಟೊಂಗಾ)       -18.65   -174.00
ವನುವಾ ಬಲಾವು (ಫಿಜಿ)   -17.24   -178.95
ಕೋರೊ (ಫಿಜಿ)          -17.30    179.40
ರಾಕಿರಾಕಿ (ಫಿಜಿ)       -17.37    178.20
```

ಪೂರ್ವದಿಂದ ಪಶ್ಚಿಮಕ್ಕೆ, ಬಿರುಗಾಳಿ ಬಂದ ಕ್ರಮದಲ್ಲೇ ಬರೆದಿದ್ದೇನೆ. ವನುವಾ ಬಲಾವು ಆದ ಮೇಲೆ ಕೋರೊ. ಎರಡೂ ಫಿಜಿಯವೇ, ಅಕ್ಕಪಕ್ಕದ ಸಮುದ್ರದಲ್ಲೇ ಇವೆ. ಆದರೆ ರೇಖಾಂಶದ ಕಾಲಂ ನೋಡಿ. -178.95 ಇದ್ದದ್ದು ಒಮ್ಮೆಲೇ 179.40 ಆಗಿಬಿಟ್ಟಿತು.

ದಿನಾಂಕ ರೇಖೆ ಎಲ್ಲಿದೆ, ತೊಂದರೆ ಎಲ್ಲಿದೆ

ಈ ತೊಂದರೆಗೆ ಎಲ್ಲರೂ ಅಂತರರಾಷ್ಟ್ರೀಯ ದಿನಾಂಕ ರೇಖೆಯ ಹೆಸರು ಹೇಳುತ್ತಾರೆ. ನಿಜವಾಗಿ ಲೆಕ್ಕ ಮುರಿಯುವುದು ಆ ರೇಖೆಯ ಮೇಲಲ್ಲ, 180 ಡಿಗ್ರಿ ರೇಖಾಂಶದ ಮೇಲೆ. ಎರಡೂ ಒಂದೇ ಎಂದುಕೊಂಡರೆ ತಪ್ಪನ್ನು ತಪ್ಪು ಜಾಗದಲ್ಲಿ ಹುಡುಕುತ್ತೀರಿ.

ದಿನಾಂಕ ರೇಖೆ ದೇಶಗಳ ಅನುಕೂಲಕ್ಕೆ ತಕ್ಕಂತೆ ಸೊಟ್ಟ ಸೊಟ್ಟಗೆ ಹೋಗುತ್ತದೆ. ಫಿಜಿ ಪೂರ್ತಿ ಒಂದೇ ದಿನಾಂಕದಲ್ಲಿದೆ, ಟೊಂಗಾ ಕೂಡ ಅದೇ ದಿನಾಂಕದಲ್ಲಿದೆ. ಹಾಗಾಗಿ ವಿನ್‌ಸ್ಟನ್ ಟೊಂಗಾದಿಂದ ಫಿಜಿಗೆ ಬಂದಾಗ ದಿನಾಂಕ ರೇಖೆಯನ್ನು ದಾಟಲೇ ಇಲ್ಲ. ಆದರೂ ಲೆಕ್ಕ ಮುರಿಯುತ್ತದೆ. ಇದರ ಉಲ್ಟಾ ಉದಾಹರಣೆಯೂ ಇದೆ. ಸಮೋವಾ 2011ರ ಡಿಸೆಂಬರ್ 30ನ್ನು ಬಿಟ್ಟು ನೇರ 31ಕ್ಕೆ ಹಾರಿ, ದಿನಾಂಕ ರೇಖೆಯ ಈ ಕಡೆಗೆ ಬಂದುಬಿಟ್ಟಿತು. ಪಕ್ಕದ ಅಮೆರಿಕನ್ ಸಮೋವಾ ಆ ಕಡೆಯೇ ಉಳಿಯಿತು. ಅಪಿಯಾ -171.8, ಪಾಗೊ ಪಾಗೊ -170.7. ನಡುವೆ ದಿನಾಂಕ ರೇಖೆ ಇದೆ, ಗಡಿಯಾರ ಒಂದು ದಿನ ಹಿಂದೆ ಹೋಗುತ್ತದೆ, ಆದರೆ ದೂರದ ಲೆಕ್ಕಕ್ಕೆ ಏನೂ ಆಗುವುದಿಲ್ಲ. ಎರಡೂ ಅಂಕಿಗಳ ಮುಂದೆ ಮೈನಸ್ ಇದೆ, ಕಳೆದರೆ ಸರಿಯಾದ ಉತ್ತರವೇ ಬರುತ್ತದೆ.

ಭೂಮಿ ದುಂಡಗಿದೆ, ಅದರ ಸುತ್ತ ಎಲ್ಲೂ ಶುರು ಕೊನೆ ಇಲ್ಲ. ಅಂಕಿಗಳಿಗೆ ಮಾತ್ರ ಎಲ್ಲೋ ಒಂದು ಕಡೆ ಶುರು ಬೇಕು. 1884ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಸಮ್ಮೇಳನ ಗ್ರೀನಿಚ್ ಅನ್ನು ಸೊನ್ನೆ ಎಂದು ಒಪ್ಪಿಕೊಂಡಿತು. ಪೂರ್ವಕ್ಕೆ 180ರ ತನಕ, ಪಶ್ಚಿಮಕ್ಕೆ 180ರ ತನಕ ಎಣಿಸಿದರು. ಹಾಗಾಗಿ ಎರಡು ತುದಿ ಸೇರುವ ಹೊಲಿಗೆ ಪೆಸಿಫಿಕ್ ಸಾಗರದ ನಡುವೆ ಬಿತ್ತು. ಜಾಸ್ತಿ ನೀರು, ಕಡಿಮೆ ಜನ ಇರುವ ಜಾಗ. ಆದರೆ ಫಿಜಿಯಲ್ಲಿ ಆ ರೇಖೆ ನೆಲದ ಮೇಲೂ ಹೋಗುತ್ತದೆ. ವನುವಾ ಲೇವು, ರಾಬಿ, ತವೆಯೂನಿ ದ್ವೀಪಗಳನ್ನು ಕೊಯ್ದು ಹಾದುಹೋಗುತ್ತದೆ.

ನಮ್ಮಲ್ಲಿ ಬರೆದ ಪ್ರೋಗ್ರಾಂಗಳಲ್ಲಿ ಈ ತಪ್ಪು ವರ್ಷಗಟ್ಟಲೆ ಅಡಗಿ ಕೂರುವುದಕ್ಕೂ ಇದೇ ಕಾರಣ. ಮಂಗಳೂರು 74.8, ಬೆಂಗಳೂರು 77.6. ಭಾರತವಿಡೀ 68ರಿಂದ 98ರ ಒಳಗೆ ಮುಗಿದುಹೋಗುತ್ತದೆ. ಯಾವ ಪರೀಕ್ಷೆಯೂ ಹೊಲಿಗೆಯ ಹತ್ತಿರ ಹೋಗುವುದೇ ಇಲ್ಲ.

ದೂರ: 175 ಕಿ.ಮೀ. ಹೇಗೆ 38,050 ಆಯಿತು

ವನುವಾ ಬಲಾವುದಿಂದ ಕೋರೊಗೆ ಎಷ್ಟು ದೂರ? ಬೇಗ ಆಗಲಿ ಎಂದು ಬಹಳ ಜನ ಚಪ್ಪಟೆ ನೆಲದ ಲೆಕ್ಕ ಹಾಕುತ್ತಾರೆ. ರೇಖಾಂಶಗಳ ವ್ಯತ್ಯಾಸ ತೆಗೆದು, ಆ ಅಕ್ಷಾಂಶದಲ್ಲಿ ಒಂದು ಡಿಗ್ರಿ ಎಷ್ಟು ಕಿ.ಮೀ. ಎಂಬುದರಿಂದ ಗುಣಿಸುತ್ತಾರೆ. ಚಿಕ್ಕ ದೂರಕ್ಕೆ ಇದು ಸಾಕು. 17.27 ಡಿಗ್ರಿ ದಕ್ಷಿಣದಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 106.2 ಕಿ.ಮೀ.

179.40ರಿಂದ -178.95 ಕಳೆದರೆ 358.35 ಬರುತ್ತದೆ. ಗುಣಿಸಿದರೆ ಸುಮಾರು 38,050 ಕಿ.ಮೀ. ನಿಜವಾದ ವ್ಯತ್ಯಾಸ 1.65 ಡಿಗ್ರಿ, ಸುಮಾರು 175 ಕಿ.ಮೀ. ಈ ಎರಡು ಉತ್ತರಗಳನ್ನು ಕೂಡಿಸಿದರೆ ಆ ಅಕ್ಷಾಂಶದಲ್ಲಿ ಭೂಮಿಯ ಪೂರ್ತಿ ಸುತ್ತಳತೆ ಬರುತ್ತದೆ, 38,225 ಕಿ.ಮೀ. ಅಂದರೆ ಪ್ರೋಗ್ರಾಂ ಎಲ್ಲೆಲ್ಲೋ ಹೋಗಿಲ್ಲ. ಅದೇ ಎರಡು ಜಾಗಗಳ ನಡುವಿನ ದೂರವನ್ನೇ ಅಳೆದಿದೆ, ಉದ್ದದ ಕಡೆಯಿಂದ ಸುತ್ತಿಕೊಂಡು ಬಂದಿದೆ ಅಷ್ಟೇ. ಉತ್ತರ ಅನುಮಾನ ಬರುವ ಹಾಗಿದ್ದರೆ ಈ ಕೂಡಿಸುವ ಪರೀಕ್ಷೆ ಮಾಡಿ ನೋಡಿ. ಬೇರೆ ತಪ್ಪುಗಳಲ್ಲಿ ಮೊತ್ತ ಹೀಗೆ ಸರಿಯಾಗಿ ಕೂರುವುದಿಲ್ಲ.

ವ್ಯತ್ಯಾಸವನ್ನು ಯಾವಾಗಲೂ -180ರಿಂದ 180ರ ಒಳಗೆ ತಂದುಬಿಟ್ಟರೆ ಇದು ಸರಿಹೋಗುತ್ತದೆ.

```python
def dlon(a, b):
    return (b - a + 540) % 360 - 180
```

`dlon(179.40, -178.95)` ಎಂದು ಕೊಟ್ಟರೆ 1.65 ಬರುತ್ತದೆ. ಕೋರೊದಿಂದ ವನುವಾ ಬಲಾವು 1.65 ಡಿಗ್ರಿ ಪೂರ್ವಕ್ಕಿದೆ. ದಿಕ್ಕೂ ಸರಿಯಾಗಿ ಬಂತು.

ಗೋಳದ ಮೇಲಿನ ದೂರ ಹೇಳುವ ಹ್ಯಾವರ್‌ಸೈನ್ ಸೂತ್ರ ಬಳಸುವವರಿಗೆ ಇಲ್ಲಿ ತೊಂದರೆಯೇ ಆಗುವುದಿಲ್ಲ. ಅದರಲ್ಲಿ ವ್ಯತ್ಯಾಸದ ಅರ್ಧಕ್ಕೆ ಸೈನ್ ತೆಗೆದು ವರ್ಗ ಮಾಡುತ್ತೇವೆ. 358.35ರ ಅರ್ಧ 179.175, 1.65ರ ಅರ್ಧ 0.825. ಎರಡರ ಸೈನ್ ಒಂದೇ. ಸೈನ್ ತಾನಾಗಿಯೇ ಸುತ್ತಿಕೊಳ್ಳುತ್ತದೆ. ಕೇಳಲು ಒಳ್ಳೆಯ ಸುದ್ದಿಯೇ. ಆದರೆ ಇದರಿಂದ ಒಂದು ಸುಳ್ಳು ಧೈರ್ಯವೂ ಬರುತ್ತದೆ. ದೂರದ ಫಂಕ್ಷನ್ ಒಂದನ್ನೇ ಪರೀಕ್ಷಿಸಿ, ಫಿಜಿಯಲ್ಲೂ ಸರಿ ಉತ್ತರ ಬರುತ್ತಿದೆ ಎಂದು ಮುಂದೆ ಹೋದರೆ, ಅಸಲಿ ತಪ್ಪು ಅದರ ಹಿಂದೆ ಉಳಿದಿರುತ್ತದೆ. ಅದಕ್ಕೆ ಆಮೇಲೆ ಬರೋಣ.

ಚಂಡಮಾರುತದ ದಾರಿಯಲ್ಲಿ ಇನ್ನೊಂದು ಸುಲಭದ ತಪಾಸಣೆ ಇದೆ, ಅದು ವೇಗ. ದಾರಿಯ ದಾಖಲೆಗಳಲ್ಲಿ ಸಾಮಾನ್ಯವಾಗಿ 6 ಗಂಟೆಗೊಂದು ಬಿಂದು ಇರುತ್ತದೆ. 175 ಕಿ.ಮೀ.ಯನ್ನು 6 ಗಂಟೆಯಲ್ಲಿ ದಾಟಿದರೆ ಗಂಟೆಗೆ 29 ಕಿ.ಮೀ., ಚಂಡಮಾರುತಕ್ಕೆ ನಂಬುವಂಥ ವೇಗವೇ. 38,050 ಕಿ.ಮೀ. ಆದರೆ ಗಂಟೆಗೆ 6,300ಕ್ಕೂ ಜಾಸ್ತಿ, ಶಬ್ದದ ಐದು ಪಟ್ಟು. ವೇಗದ ಪಟ್ಟಿಯಲ್ಲಿ ಅಂಥ ಒಂದೇ ಒಂದು ಸಂಖ್ಯೆ ನುಗ್ಗಿದ್ದರೆ, ಅದರ ಪಕ್ಕದ ಬಿಂದುಗಳ ಚಿಹ್ನೆ ಬದಲಾಗಿದೆಯಾ ನೋಡಿ.

ನಡುವಿನ ಬಿಂದು ಆಫ್ರಿಕಾದ ಹತ್ತಿರ

6 ಗಂಟೆಗೊಂದು ಬಿಂದು ಸಾಲದು, ಗಂಟೆಗೊಂದು ಬೇಕು ಎಂದರೆ ನಡುವಿನ ಜಾಗಗಳನ್ನು ಅಂದಾಜು ಮಾಡುತ್ತೇವೆ. ವನುವಾ ಬಲಾವು ಮತ್ತು ಕೋರೊ ನಡುವಿನ ಮಧ್ಯಬಿಂದು ಬೇಕು ಅಂದುಕೊಳ್ಳಿ. ಕೂಡಿಸಿ ಎರಡರಿಂದ ಭಾಗಿಸಿದರೆ ರೇಖಾಂಶ 0.225. ಅದು ದಕ್ಷಿಣ ಅಟ್ಲಾಂಟಿಕ್ ಸಾಗರ, ಅಂಗೋಲಾ ಮತ್ತು ನಮೀಬಿಯಾ ಕರಾವಳಿಯಿಂದ ಸಾವಿರ ಕಿ.ಮೀ.ಗೂ ಆಚೆ. ಗಂಟೆ ಗಂಟೆಗೂ ಬಿಂದು ಹಾಕಿದರೆ ಬಿರುಗಾಳಿ ಫಿಜಿ ಬಿಟ್ಟು ದಕ್ಷಿಣ ಅಮೆರಿಕ, ಆಫ್ರಿಕಾ, ಆಸ್ಟ್ರೇಲಿಯಾ ಎಲ್ಲ ಸುತ್ತಿ ಮತ್ತೆ ಫಿಜಿಗೆ ಬರುತ್ತದೆ! ನಕ್ಷೆಯಲ್ಲಿ ಇದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಳೆದ ಅಡ್ಡ ಗೆರೆಯಾಗಿ ಕಾಣುತ್ತದೆ. ಈ ಗೆರೆ ಕಂಡರೆ ಅದೃಷ್ಟ ಅನ್ನಬೇಕು, ಕಣ್ಣಿಗೆ ರಾಚುವ ತಪ್ಪು ಇದೊಂದೇ.

ದಾರಿಗೆ ಸರಳ ಮದ್ದು ಎಂದರೆ ಬಿಚ್ಚಿ ಬರೆಯುವುದು. ಒಂದು ಬಿಂದುವಿನಿಂದ ಮುಂದಿನದಕ್ಕೆ `dlon` ಕೂಡಿಸುತ್ತಾ ಹೋಗಿ. 180 ದಾಟಿದರೂ ನಿಲ್ಲಿಸಬೇಡಿ. ರಾಕಿರಾಕಿ 178.20, ಕೋರೊ 179.40, ವನುವಾ ಬಲಾವು 181.05, ವವಾವು 186.00 ಎಂದಾಗುತ್ತದೆ. ಈಗ ಸರಾಸರಿ, ಮಧ್ಯಬಿಂದು, ಗೆರೆ ಎಳೆಯುವುದು ಎಲ್ಲ ಮಾಮೂಲಿ ಅಂಕಗಣಿತ. ಕೋರೊ ಮತ್ತು ವನುವಾ ಬಲಾವು ಮಧ್ಯ 180.225. ಕೊನೆಯಲ್ಲಿ ಉತ್ತರವನ್ನು ಹೊರಗೆ ಕೊಡುವಾಗ ಮಾತ್ರ 360 ಕಳೆದು -179.775 ಎಂದು ಬರೆಯಿರಿ.

ಬೌಂಡಿಂಗ್ ಬಾಕ್ಸ್

ಈಗ ನಾಲ್ಕೂ ಜಾಗಗಳನ್ನು ಸುತ್ತುವ ಒಂದು ಆಯತ ಬೇಕು. ಎಲ್ಲರೂ ಮಾಡುವುದು ಒಂದೇ, ಅತಿ ಚಿಕ್ಕ ರೇಖಾಂಶ ಪಶ್ಚಿಮದ ಅಂಚು, ಅತಿ ದೊಡ್ಡದು ಪೂರ್ವದ ಅಂಚು. ಇಲ್ಲಿ -178.95ರಿಂದ 179.40. ಅಗಲ 358.35 ಡಿಗ್ರಿ. ಅಕ್ಷಾಂಶ -18.65ರಿಂದ -17.24.

ಈ ಪಟ್ಟಿಯೊಳಗೆ ಏನೇನಿದೆ ನೋಡಿ. ಆಸ್ಟ್ರೇಲಿಯಾದ ಬ್ರೂಮ್ ಇದೆ. ಜಿಂಬಾಬ್ವೆಯ ಹರಾರೆ ಇದೆ. ಬೊಲಿವಿಯಾದ ಸಾಂತಾ ಕ್ರೂಜ್ ಇದೆ. ಬಾಕ್ಸ್ ದೊಡ್ಡದಾಯಿತು, ಬೇಡದ್ದೆಲ್ಲ ಬಂತು, ಆಮೇಲೆ ಸೋಸಿದರಾಯಿತು ಎಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಅದು ಸರಿಯಲ್ಲ. ಭೂಮಿಯ ಸುತ್ತ 360 ಡಿಗ್ರಿಯಲ್ಲಿ ಈ ಬಾಕ್ಸ್ ಬಿಟ್ಟುಹೋದದ್ದು 1.65 ಡಿಗ್ರಿ ಮಾತ್ರ. ಅದು ಕೋರೊ ಮತ್ತು ವನುವಾ ಬಲಾವು ನಡುವಿನ ಸಮುದ್ರ. ಬಿರುಗಾಳಿ ಹಾದುಹೋದ ಸಮುದ್ರವೇ ಅದು! ಆ ಸಂದಿಯಲ್ಲಿ ಲಾವು ದ್ವೀಪಗಳ ಗುಂಪಿನ ಥಿಥಿಯಾ ಇದೆ, ನಕ್ಷೆಯಲ್ಲಿ `Cicia` ಎಂದು ಬರೆದಿರುತ್ತಾರೆ. ರೇಖಾಂಶ ಸುಮಾರು -179.3, ಅಕ್ಷಾಂಶ ಸುಮಾರು -17.75. ಹರಾರೆ ಒಳಗೆ, ಥಿಥಿಯಾ ಹೊರಗೆ. ಆಮೇಲೆ ಎಷ್ಟು ಸೋಸಿದರೂ ಮೊದಲೇ ಹೊರಗುಳಿದದ್ದು ವಾಪಸ್ ಬರುವುದಿಲ್ಲ.

ಸರಿಯಾದ ಬಾಕ್ಸ್ ಹುಡುಕಲು ಚಿಕ್ಕದು ದೊಡ್ಡದು ನೋಡುವುದನ್ನು ಬಿಡಬೇಕು. ಖಾಲಿ ಜಾಗ ನೋಡಬೇಕು. ರೇಖಾಂಶಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ: -178.95, -174.00, 178.20, 179.40. ಒಂದರಿಂದ ಮುಂದಿನದಕ್ಕೆ ಎಷ್ಟು ಅಂತರ ಎಂದು ಬರೆಯಿರಿ. 4.95, ಆಮೇಲೆ 352.20, ಆಮೇಲೆ 1.20. ಕೊನೆಯದರಿಂದ ಸುತ್ತಿಕೊಂಡು ಮೊದಲಿನದಕ್ಕೆ 1.65. ಮೊತ್ತ 360 ಬರಬೇಕು, ಬಂತು. ಇದರಲ್ಲಿ ಅತಿ ದೊಡ್ಡ ಖಾಲಿ 352.20, ಅದು -174.00ರಿಂದ 178.20ರ ತನಕ. ಆ ಖಾಲಿಯನ್ನು ಬಿಟ್ಟು ಉಳಿದದ್ದೇ ಬಾಕ್ಸ್. ಖಾಲಿ ಮುಗಿಯುವಲ್ಲಿ ಬಾಕ್ಸ್‌ನ ಪಶ್ಚಿಮ ಅಂಚು, 178.20. ಖಾಲಿ ಶುರುವಾಗುವಲ್ಲಿ ಪೂರ್ವ ಅಂಚು, -174.00. ಅಗಲ 7.8 ಡಿಗ್ರಿ.

ಪಶ್ಚಿಮದ ಸಂಖ್ಯೆ ಪೂರ್ವದ ಸಂಖ್ಯೆಗಿಂತ ದೊಡ್ಡದಾಯಿತು. ನೋಡಿದರೆ ತಪ್ಪು ಅನ್ನಿಸುತ್ತದೆ, ಆದರೆ ಹಾಗೇ ಇರಬೇಕು. ಜಿಯೋಜೇಸನ್‌ನ ನಿಯಮ ಹೇಳುವ `RFC 7946` ಇದನ್ನೇ ಹೇಳುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆಯೂ ಫಿಜಿಯದ್ದೇ: `[177.0, -20.0, -178.0, -16.0]`. ಅಗಲ 5 ಡಿಗ್ರಿ. ಎರಡು ರೇಖಾಂಶಗಳನ್ನು ಅದಲು ಬದಲು ಮಾಡಿದರೆ 355 ಡಿಗ್ರಿಯ ಬಾಕ್ಸ್ ಆಗುತ್ತದೆ, ಅಂದರೆ ಫಿಜಿ ಬಿಟ್ಟು ಉಳಿದದ್ದೆಲ್ಲ.

ಈ ನಿಯಮ ಗೊತ್ತಿಲ್ಲದ ಕೋಡ್ ಎರಡು ರೀತಿ ಕೆಡಿಸುತ್ತದೆ. ಕೆಲವು ಕಡೆ, ಪಶ್ಚಿಮ ಪೂರ್ವಕ್ಕಿಂತ ದೊಡ್ಡದಿದೆ, ಬಳಕೆದಾರ ಉಲ್ಟಾ ಕೊಟ್ಟಿರಬೇಕು ಎಂದು ತಾನೇ ಅದಲು ಬದಲು ಮಾಡಿಕೊಳ್ಳುತ್ತದೆ. ಒಳ್ಳೆಯದು ಮಾಡಲು ಹೋಗಿ ಇಡೀ ಲೋಕವನ್ನು ತಂದುಕೊಡುತ್ತದೆ. ಇನ್ನು ಕೆಲವು ಕಡೆ ಸುಮ್ನೆ `BETWEEN 177 AND -178` ಎಂದು ಡೇಟಾಬೇಸ್‌ಗೆ ಕಳಿಸುತ್ತದೆ. 177ಕ್ಕಿಂತ ದೊಡ್ಡದೂ ಇರಬೇಕು, -178ಕ್ಕಿಂತ ಚಿಕ್ಕದೂ ಇರಬೇಕು. ಅಂಥ ಸಂಖ್ಯೆ ಇಲ್ಲವೇ ಇಲ್ಲ. ಸೊನ್ನೆ ಸಾಲು ಬರುತ್ತದೆ, ತಪ್ಪಿನ ಸಂದೇಶ ಏನೂ ಬರುವುದಿಲ್ಲ.

ಸದ್ದಿಲ್ಲದ ತಪ್ಪು: ಸುತ್ತಲಿನ ಹುಡುಕಾಟ

ಆಗ ಆಮೇಲೆ ಬರೋಣ ಎಂದದ್ದು ಇದಕ್ಕೇ. ಕೋರೊದಿಂದ 200 ಕಿ.ಮೀ. ಒಳಗಿನ ಎಲ್ಲ ಜಾಗಗಳು ಬೇಕು ಎಂದುಕೊಳ್ಳಿ, ಪರಿಹಾರದ ಸಾಮಾನು ಎಲ್ಲಿಂದ ಕಳಿಸಬಹುದು ಎಂದು ನೋಡಲು. ಇಡೀ ಪಟ್ಟಿಗೆ ಹ್ಯಾವರ್‌ಸೈನ್ ಹಾಕಿದರೆ ನಿಧಾನ. ಅದಕ್ಕೆ ಮೊದಲು ಒಂದು ಚೌಕದಲ್ಲಿ ಸೋಸಿ, ಉಳಿದ ಕೆಲವಕ್ಕೆ ಮಾತ್ರ ಸರಿಯಾದ ದೂರ ನೋಡುತ್ತಾರೆ. ಒಳ್ಳೆಯ ವಿಧಾನವೇ.

200 ಕಿ.ಮೀ. ಎಂದರೆ ಅಕ್ಷಾಂಶದಲ್ಲಿ 1.8 ಡಿಗ್ರಿ, ಇಲ್ಲಿ ರೇಖಾಂಶದಲ್ಲಿ ಸುಮಾರು 1.88 ಡಿಗ್ರಿ. 179.40ಕ್ಕೆ ಆಚೆ ಈಚೆ ಸೇರಿಸಿದರೆ 177.52ರಿಂದ 181.28. ಕ್ವೆರಿ ಹೀಗಾಗುತ್ತದೆ:

```sql
WHERE lat BETWEEN -19.10 AND -15.50
  AND lon BETWEEN 177.52 AND 181.28
```

ಡೇಟಾಬೇಸ್‌ನಲ್ಲಿ 181 ಎಂಬ ರೇಖಾಂಶವೇ ಇಲ್ಲ. ವನುವಾ ಬಲಾವು ಅಲ್ಲಿ -178.95 ಎಂದಿದೆ. 175 ಕಿ.ಮೀ. ದೂರದಲ್ಲಿದ್ದರೂ ಸಿಗುವುದಿಲ್ಲ. ಥಿಥಿಯಾ ಅದಕ್ಕಿಂತ ಹತ್ತಿರ, ಅದೂ ಸಿಗುವುದಿಲ್ಲ. ಆದರೆ ಪಶ್ಚಿಮದ ಕಡೆಯ ರಾಕಿರಾಕಿ ಸಿಗುತ್ತದೆ, ವಿಟಿ ಲೇವು ದ್ವೀಪದ ಇನ್ನೂ ಹಲವು ಊರು ಸಿಗುತ್ತವೆ. ಬಂದ ಪ್ರತಿ ಸಾಲೂ ಸರಿ, ಪ್ರತಿ ದೂರವೂ ಸರಿ. ಯಾರಿಗೆ ಅನುಮಾನ ಬರುತ್ತದೆ, ಅಲ್ವಾ? ಹ್ಯಾವರ್‌ಸೈನ್ ಎಷ್ಟು ನಿಖರವಾಗಿದ್ದರೇನು, ಅದರ ಕೈಗೆ ಆ ದ್ವೀಪಗಳು ಬರಲೇ ಇಲ್ಲ. 181.28ನ್ನು 180ಕ್ಕೆ ಮೊಟಕು ಮಾಡುವ ಕೋಡ್ ಕೂಡ ಇರುತ್ತದೆ. ಫಲಿತಾಂಶ ಅದೇ.

ಸರಿ ಮಾಡಲು ಅಂಚನ್ನು ಮೊದಲು ಸುತ್ತಿಸಬೇಕು. 181.28ರಿಂದ 360 ಕಳೆದರೆ -178.72. ಈಗ ಪಶ್ಚಿಮ ಪೂರ್ವಕ್ಕಿಂತ ದೊಡ್ಡದು, ಹಾಗಾಗಿ `AND` ಬದಲು `OR`:

```sql
WHERE lat BETWEEN -19.10 AND -15.50
  AND (lon >= 177.52 OR lon <= -178.72)
```

ಆವರಣ ಚಿಹ್ನೆ ಮರೆಯಬೇಡಿ, ಮರೆತರೆ ಅಕ್ಷಾಂಶದ ಷರತ್ತು ಅರ್ಧಕ್ಕೆ ಮಾತ್ರ ಅನ್ವಯಿಸುತ್ತದೆ. ಈ `OR` ಪಶ್ಚಿಮ ದೊಡ್ಡದಿದ್ದಾಗ ಮಾತ್ರ. ಮಾಮೂಲಿ ಬಾಕ್ಸ್‌ಗೆ ಇದನ್ನೇ ಹಾಕಿದರೆ ಭೂಮಿಯ ಸುತ್ತಲಿನದೆಲ್ಲ ಬರುತ್ತದೆ.

ಪೋಸ್ಟ್‌ಜಿಐಎಸ್ ಬಳಸುವವರು `geography` ಬಗೆಯ ಕಾಲಂನಲ್ಲಿ ಬಿಂದುಗಳನ್ನು ಇಟ್ಟು `ST_DWithin` ಕೇಳಿದರೆ ಈ ಗೋಜಲು ಇಲ್ಲ, ಅದು ಗೋಳದ ಮೇಲೇ ಲೆಕ್ಕ ಮಾಡುತ್ತದೆ. `geometry` ಬಗೆಯಲ್ಲಿ ಡಿಗ್ರಿಗಳನ್ನು ಇಟ್ಟಿದ್ದರೆ ಅದಕ್ಕೆ ಅವು ಬರೀ ಕಾಗದದ ಮೇಲಿನ ಎಕ್ಸ್, ವೈ. ಕೋರೊ ಮತ್ತು ವನುವಾ ಬಲಾವು ನಡುವೆ 358 ಡಿಗ್ರಿ ಎಂದೇ ಹೇಳುತ್ತದೆ.

0ರಿಂದ 360 ಮಾಡಿದರೆ ಸಾಕಾ?

ಪೆಸಿಫಿಕ್‌ನಲ್ಲಿ ಕೆಲಸ ಮಾಡುವವರು ರೇಖಾಂಶವನ್ನು 0ರಿಂದ 360ರ ತನಕ ಎಣಿಸುತ್ತಾರೆ. ಪೋಸ್ಟ್‌ಜಿಐಎಸ್‌ನಲ್ಲಿ `ST_ShiftLongitude` ಇದನ್ನೇ ಮಾಡುತ್ತದೆ. ಕೆಲಸ ಪೂರ್ತಿ ಫಿಜಿ, ಟೊಂಗಾ ಸುತ್ತಲೇ ಇದ್ದರೆ ಇದು ಎಲ್ಲಕ್ಕಿಂತ ಸುಲಭ, ನಾನೂ ಇದನ್ನೇ ಹೇಳುತ್ತೇನೆ. ಆದರೆ ಹೊಲಿಗೆ ಹೋಗಲಿಲ್ಲ, ಗ್ರೀನಿಚ್‌ಗೆ ಸರಿಯಿತು ಅಷ್ಟೇ. ಈಗ ಲಂಡನ್‌ನ ಎರಡು ಬೀದಿಗಳ ನಡುವೆ ಅದೇ ತಪ್ಪು. ಘಾನಾದ ಅಕ್ರಾ 359.8 ಆಗುತ್ತದೆ, ಪಕ್ಕದ ತೆಮಾ ಬಂದರು ಸೊನ್ನೆಯ ಹತ್ತಿರ. ಸಾಗರದ ನಡುವೆ ಇದ್ದ ತಪ್ಪನ್ನು ಊರಿನೊಳಗೆ ತಂದ ಹಾಗಾಯಿತು.

ಬಿಂದುಗಳ ಬದಲು ಗಡಿಗಳ ಆಕಾರ ಇದ್ದರೆ ಇನ್ನೊಂದು ಮಾತು. ಜಿಯೋಜೇಸನ್ ನಿಯಮ ಅಂಥ ಆಕಾರವನ್ನು 180ರ ಮೇಲೆ ಎರಡು ತುಂಡು ಮಾಡಿ ಇಡಲು ಹೇಳುತ್ತದೆ. ಚಿತ್ರ ಬರೆಯಲು ಇದು ಒಳ್ಳೆಯದು, ಅಡ್ಡ ಗೆರೆ ಹೋಗುತ್ತದೆ. ಆದರೆ ತುಂಡುಗಳ ಅಂಚಿನಲ್ಲಿ 180 ಮತ್ತು -180 ಎರಡೂ ಬರುತ್ತವೆ. ಚಿಕ್ಕದು ದೊಡ್ಡದು ನೋಡುವ ಕೋಡ್‌ಗೆ ಫಿಜಿಯ ಬಾಕ್ಸ್ ನಿಖರವಾಗಿ -180ರಿಂದ 180 ಎಂದು ಬರುತ್ತದೆ. ಯಾವುದಾದರೂ ದೇಶಗಳ ಪಟ್ಟಿಯಲ್ಲಿ ಫಿಜಿ, ರಷ್ಯಾ, ಅಮೆರಿಕಗಳ ಬಾಕ್ಸ್ ಇಷ್ಟು ಅಗಲ ಇದ್ದರೆ ಕಾರಣ ಇದೇ. ದೊಡ್ಡ ಖಾಲಿ ಹುಡುಕುವ ವಿಧಾನ ಇಲ್ಲೂ ನಡೆಯುತ್ತದೆ, ಯಾಕೆಂದರೆ 180 ಮತ್ತು -180ರ ನಡುವಿನ ಖಾಲಿ ಸೊನ್ನೆ.

ಅದು ಸೋಲುವುದು ಬಿಂದುಗಳು ತೀರಾ ವಿರಳವಾಗಿದ್ದಾಗ. ಒಂದು ಹಡಗು ಭೂಮಿ ಸುತ್ತಿ ಬಂದು, ನಾಲ್ಕೇ ಬಂದರುಗಳ ಹೆಸರು ಬರೆದಿದ್ದರೆ, ದೊಡ್ಡ ಖಾಲಿ ಎಂದು ಬಿಟ್ಟ ಜಾಗದಲ್ಲೇ ಅದು ಹಾದುಹೋಗಿರಬಹುದು. `dlon` ಕೂಡ ಹಾಗೇ, ಎರಡು ಬಿಂದುಗಳ ನಡುವೆ ಯಾವಾಗಲೂ ಹತ್ತಿರದ ದಾರಿಯನ್ನೇ ಊಹಿಸುತ್ತದೆ. 6 ಗಂಟೆಗೊಂದು ಬಿಂದು ಇರುವ ಚಂಡಮಾರುತಕ್ಕೆ ಆ ಊಹೆ ಯಾವತ್ತೂ ತಪ್ಪುವುದಿಲ್ಲ.

ಫಿಜಿ ಡೇಟಾ ಇಲ್ಲದೆ ಪರೀಕ್ಷಿಸುವುದು

ಇದಕ್ಕೆ ಪೆಸಿಫಿಕ್‌ನ ಡೇಟಾ ಹುಡುಕಿಕೊಂಡು ಹೋಗಬೇಕಿಲ್ಲ. ನಿಮ್ಮ ಹತ್ತಿರ ಇರುವ ಬಿಂದುಗಳ ರೇಖಾಂಶಕ್ಕೆಲ್ಲ ಒಂದೇ ಸಂಖ್ಯೆ ಕೂಡಿಸಿ. ಮಂಗಳೂರು 74.84, ಬೆಂಗಳೂರು 77.59. ಎರಡಕ್ಕೂ 104 ಕೂಡಿಸಿದರೆ 178.84 ಮತ್ತು 181.59. ಎರಡನೆಯದನ್ನು ಸುತ್ತಿಸಿದರೆ -178.41. ಅಕ್ಷಾಂಶ ಮುಟ್ಟಬೇಡಿ. ಗೋಳವನ್ನು ಅದರ ಅಕ್ಷದ ಮೇಲೆ ತಿರುಗಿಸಿದ ಹಾಗಾಯಿತು, ದೂರ ಬದಲಾಗಬಾರದು. ಮೊದಲು ಸುಮಾರು 298 ಕಿ.ಮೀ. ಇದ್ದದ್ದು ಈಗಲೂ 298 ಇರಬೇಕು. ಬಾಕ್ಸ್‌ನ ಅಗಲ 2.75 ಡಿಗ್ರಿಯೇ ಇರಬೇಕು. ಬೆಂಗಳೂರಿನ 300 ಕಿ.ಮೀ. ಸುತ್ತಲಿನ ಹುಡುಕಾಟದಲ್ಲಿ ಬರುವ ಊರುಗಳ ಸಂಖ್ಯೆ ಒಂದೂ ಕಡಿಮೆಯಾಗಬಾರದು. ಈ ಮೂರನೆಯದನ್ನು ಖಂಡಿತ ಸೇರಿಸಿ, ಬೇರೆ ಪರೀಕ್ಷೆಗಳಿಗೆ ಸಿಗದ ತಪ್ಪು ಇದಕ್ಕೇ ಸಿಗುವುದು.

ಇಡೀ ಪಟ್ಟಿಯನ್ನು 1 ಡಿಗ್ರಿಯಂತೆ ತಿರುಗಿಸುತ್ತಾ 360 ಸಲ ಓಡಿಸಿದರೆ ಹೊಲಿಗೆ 180ರಲ್ಲಿದ್ದರೂ ಸೊನ್ನೆಯಲ್ಲಿದ್ದರೂ ಸಿಕ್ಕಿಬೀಳುತ್ತದೆ. ಒಂದು ಷರತ್ತು ಇದೆ. ನಿಮ್ಮ ಲೆಕ್ಕ `EPSG:32643`ನಂಥ, ಒಂದು ಪ್ರದೇಶಕ್ಕೆ ಕಟ್ಟಿಹಾಕಿದ ಪ್ರೊಜೆಕ್ಷನ್‌ನಲ್ಲಿ ನಡೆಯುತ್ತಿದ್ದರೆ, ತಿರುಗಿಸಿದ ಬಿಂದುಗಳು ಅದರ ವಲಯದಿಂದ ಹೊರಗೆ ಬೀಳುತ್ತವೆ. ಆಗ ಬರುವ ವ್ಯತ್ಯಾಸ ಪ್ರೊಜೆಕ್ಷನ್‌ನದ್ದು. ಅಂಥ ಕಡೆ ಈ ಪರೀಕ್ಷೆಯನ್ನು ಡಿಗ್ರಿಗಳಲ್ಲೇ ನಡೆಯುವ ಭಾಗಕ್ಕೆ ಮಾತ್ರ ಹಾಕಿ.